ಮಗು ಹಾಡಲೆಂದು ಬಿಟ್ಟ ಜಾಗ

1969ರಲ್ಲಿ ಅಮೆರಿಕದಲ್ಲಿ ‘ಸೆಸಮಿ ಸ್ಟ್ರೀಟ್’ ಎಂಬ ಮಕ್ಕಳ ಟೀವಿ ಕಾರ್ಯಕ್ರಮ ಶುರುವಾದಾಗ ಅದಕ್ಕಾಗಿ ಜೇಮ್ಸ್ ಅರ್ಲ್ ಜೋನ್ಸ್ ಎಂಬ ನಟ ಇಂಗ್ಲಿಷ್ ಅಕ್ಷರಮಾಲೆಯನ್ನು ಓದಿದರು. ಮುಂದೆ ‘ಸ್ಟಾರ್ ವಾರ್ಸ್’ ಚಿತ್ರದ ಖಳನಾಯಕನಿಗೆ ದನಿ ಕೊಟ್ಟವರು ಇವರೇ. ಅವರು ಓದಿದ ರೀತಿ ವಿಚಿತ್ರವಾಗಿತ್ತು. ಪರದೆಯ ಮೇಲೆ ಮೊದಲು ಅಕ್ಷರ ಮೂಡುತ್ತದೆ. ಜೋನ್ಸ್ ಸುಮ್ಮನೆ ಕ್ಯಾಮೆರಾವನ್ನೇ ದಿಟ್ಟಿಸುತ್ತಾರೆ. ದೊಡ್ಡವರಿಗೆ ಬೇಸರ ಬರುವಷ್ಟು ಹೊತ್ತು ಕಳೆದ ಮೇಲೆ ಅಕ್ಷರದ ಹೆಸರು ಹೇಳುತ್ತಾರೆ. ಆಮೇಲೆ ಮುಂದಿನ ಅಕ್ಷರ.

ಇದನ್ನು ನೋಡುವ ಮಕ್ಕಳನ್ನು ಗಮನಿಸುತ್ತಿದ್ದವರಿಗೆ ಒಂದು ಸಂಗತಿ ಕಂಡಿತು. ಮೊದಲ ಸಲ ನೋಡಿದ ಮಗು ಜೋನ್ಸ್ ಹೇಳಿದ ಮೇಲೆ ಹೇಳುತ್ತಿತ್ತು. ಕೆಲವು ಸಲ ನೋಡಿದ ಮೇಲೆ, ಅಕ್ಷರ ಕಂಡ ಕೂಡಲೇ, ಅವರು ಬಾಯಿ ಬಿಡುವ ಮುಂಚೆಯೇ ಹೇಳುತ್ತಿತ್ತು. ಇನ್ನೂ ಕೆಲವು ಸಲ ಆದ ಮೇಲೆ, ಅಕ್ಷರ ಮೂಡುವ ಮೊದಲೇ ಹೇಳಿಬಿಡುತ್ತಿತ್ತು. ಇದಕ್ಕೆ ಆ ತಂಡದವರು ಆ ನಟನ ಹೆಸರನ್ನೇ ಇಟ್ಟರು. ಮಕ್ಕಳ ಹಾಡಿನ ವಿಡಿಯೊ ಮಾಡುವವರು ಬೇರೆ ಏನನ್ನು ಕಲಿಯದಿದ್ದರೂ ಈ ಮೂರು ಮೆಟ್ಟಿಲುಗಳನ್ನು ತಿಳಿದಿರಬೇಕು. ಚಿತ್ರ ಮೊದಲು, ಬಿಡುವು ಆಮೇಲೆ, ದನಿ ಕೊನೆಗೆ. ಇಡೀ ವಿನ್ಯಾಸ ನಿಂತಿರುವುದು ಈ ಅನುಕ್ರಮದ ಮೇಲೆ.

ಈಗ ಮೊಬೈಲಿನಲ್ಲಿ ಸಿಗುವ ಹೆಚ್ಚಿನ ಶಿಶುಗೀತೆಗಳಲ್ಲಿ ಇದು ತಲೆಕೆಳಗಾಗಿದೆ. ಗಾಯಕಿ ಎಡೆಬಿಡದೆ ಹಾಡುತ್ತಾಳೆ, ಚಿತ್ರ ಅವಳ ಹಿಂದೆ ಓಡುತ್ತದೆ. ಆನೆ ಎಂದಾಗ ಆನೆ, ಮರ ಎಂದಾಗ ಮರ. ಮಗುವಿಗೆ ಬಾಯಿ ಹಾಕಲು ಸಂದೇ ಇಲ್ಲ. ಅದು ಕಣ್ಣು ಬಿಟ್ಟುಕೊಂಡು ನೋಡುತ್ತದೆ, ಅಷ್ಟೆ. ಕಣ್ಣು ನೆಟ್ಟ ಮಾತ್ರಕ್ಕೆ ಮಗು ಹಾಡುತ್ತಿದೆ ಎಂದಲ್ಲ.

ಒಂದು ಹಾಡನ್ನೇ ಎತ್ತಿಕೊಂಡು ನೋಡೋಣ. ಹಳೆಯ ಶಿಶುಗೀತೆಯನ್ನೇ ಬಳಸಬಹುದಲ್ಲ ಎಂದು ಕೇಳಿದರೆ, ಕೃತಿಸ್ವಾಮ್ಯದ ಲೆಕ್ಕ ನೋಡಿಕೊಳ್ಳಬೇಕು. ನಮ್ಮಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಹಾಗಾಗಿ ಅವರ ಪದ್ಯಗಳು ಈಗ ಎಲ್ಲರ ಸೊತ್ತು. ಜಿ.ಪಿ. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ. ಅವರ ಪದ್ಯಗಳ ಹಕ್ಕು 2039ರ ಕೊನೆಯವರೆಗೂ ಇದೆ. ಎಲ್ಲರ ಬಾಯಲ್ಲೂ ಇದೆ ಎಂದ ಮಾತ್ರಕ್ಕೆ ಯಾರು ಬೇಕಾದರೂ ವಿಡಿಯೊ ಮಾಡಬಹುದು ಎಂದಲ್ಲ. ಅದಕ್ಕೇ ಈ ಲೇಖನಕ್ಕೆಂದು ಒಂದು ಹೊಸ ಹಾಡು ಕಟ್ಟಿಕೊಂಡಿದ್ದೇನೆ. ಕವಿತೆ ಎಂದು ಓದಬೇಡಿ, ಇದು ಕೆಲಸಕ್ಕೆ ಮಾಡಿದ ಪದ್ಯ:

ಅಜ್ಜಿಯ ಅಡುಗೆಯ ಮನೆಯಲಿ ಸದ್ದು
ಏನದು ಏನದು ಏನದು ಸದ್ದು?
ಸಾಸಿವೆ ಸಿಡಿದರೆ ಚಟಪಟ ಚಟಪಟ
ಸಾಸಿವೆ ಸಿಡಿದರೆ . . . . . . . .

ನಾಲ್ಕನೆಯ ಸಾಲಿನ ಚುಕ್ಕಿಗಳು ಮಗುವಿನ ಪಾಲು. ಅಲ್ಲಿ ತಾಳ ಇದೆ, ದನಿ ಇಲ್ಲ.

ಉಳಿದ ಚರಣಗಳಲ್ಲಿ ಮೊದಲೆರಡು ಸಾಲು ಹಾಗೆಯೇ ಇರುತ್ತವೆ. ಮೂರನೆಯದು ಮಾತ್ರ ಬದಲಾಗುತ್ತದೆ: ‘ರೊಟ್ಟಿಯ ಬಡಿದರೆ ತಪತಪ ತಪತಪ’, ‘ಮಜ್ಜಿಗೆ ಕಡೆದರೆ ಸರಬುರ ಸರಬುರ’, ‘ಕಾಯಿಯ ಒಡೆದರೆ ಫಟ್ ಫಟ್’. ಯಾವ ಚರಣ ಮೊದಲು ಬರಬೇಕು ಎಂಬುದನ್ನು ಕಿವಿಗೆ ಚಂದ ಎಂದು ನಿರ್ಧರಿಸಬಾರದು, ಮಗುವಿನ ನಾಲಿಗೆ ನೋಡಿ ನಿರ್ಧರಿಸಬೇಕು. ಪ, ಬ, ಮ ಮಕ್ಕಳಿಗೆ ಬೇಗ ಒಲಿಯುತ್ತವೆ, ರ ಕೊನೆಗೆ ಒಲಿಯುತ್ತದೆ. ಆದ್ದರಿಂದ ಎರಡೇ ಸದ್ದಿನ ಕಾಯಿ ಮೊದಲು. ಮಗು ‘ಫಟ್’ ಬದಲು ‘ಪಟ್’ ಎಂದರೂ ಏನೂ ಕೆಡುವುದಿಲ್ಲ. ಆಮೇಲೆ ರೊಟ್ಟಿ, ಅನಂತರ ಸಾಸಿವೆ. ಸರಬುರ ಎಲ್ಲಕ್ಕಿಂತ ಕೊನೆಗೆ. ಎರಡೂವರೆ ವರ್ಷದ ಮಗು ಮೊದಲ ಎರಡು ಚರಣಕ್ಕೆ ದನಿಗೂಡಿಸಿದರೆ ಸಾಕು, ನಾಲ್ಕು ವರ್ಷದ್ದು ನಾಲ್ಕಕ್ಕೂ ಕೂಡಿಸುತ್ತದೆ.

ಈಗ ತಾಳ. ಪದ್ಯದ ಪ್ರತಿ ಗಣಕ್ಕೂ ನಾಲ್ಕು ಮಾತ್ರೆ, ಸಾಲಿಗೆ ನಾಲ್ಕು ಗಣ, ಒಟ್ಟು ಹದಿನಾರು ಮಾತ್ರೆ. ಸಾಲಿನ ಕೊನೆಯ ‘ಸದ್ದು’ ಮೂರೇ ಮಾತ್ರೆ, ನಾಲ್ಕನೆಯದು ಉಸಿರಿಗೆ. ಹಾಗೆಯೇ ‘ಫಟ್ ಫಟ್’ನಲ್ಲಿ ಒಂದೊಂದು ‘ಫಟ್’ಗೂ ಒಂದೊಂದು ಪೂರ್ತಿ ಗಣದ ಜಾಗ. ಎರಡು ಮಾತ್ರೆಗೆ ಒಂದು ಪೆಟ್ಟು ಎಂದು ಇಟ್ಟುಕೊಳ್ಳೋಣ. ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ ಹಾಡಿದರೆ ಸೆಕೆಂಡಿಗೆ ನಾಲ್ಕು ಅಕ್ಷರ ಉರುಳುತ್ತವೆ. ಸ್ಟುಡಿಯೊದಲ್ಲಿ ಕುಳಿತವರಿಗೆ ಲವಲವಿಕೆಯಿಂದ ಕೇಳಿಸುತ್ತದೆ, ಮೂರು ವರ್ಷದ ಮಗು ಮಾತ್ರ ‘ಚಟ’ ಎನ್ನುವಷ್ಟರಲ್ಲಿ ಸಾಲು ಮುಗಿದಿರುತ್ತದೆ. ವೇಗ ಹೆಚ್ಚಾಗಿದೆಯೇ ಎಂದು ತಿಳಿಯುವ ಗುರುತೂ ಇದೇ: ಮಗು ಎರಡನೆಯ ಅಕ್ಷರದ ಮೇಲೆ ಬಾಯಿ ಮುಚ್ಚಿ ಮುಂದಿನ ಸಾಲಿನ ಮೊದಲ ಅಕ್ಷರಕ್ಕೆ ಹಾರುತ್ತದೆ. ವೇಗವನ್ನು 90ಕ್ಕೆ ಇಳಿಸಿದರೆ ಸೆಕೆಂಡಿಗೆ ಮೂರು ಅಕ್ಷರ, ಒಂದು ಸಾಲಿಗೆ ಐದು ಸೆಕೆಂಡಿಗಿಂತ ತುಸು ಹೆಚ್ಚು. ಅದು ಮಗುವಿನ ನಾಲಿಗೆಗೆ ಹೊಂದುತ್ತದೆ.

90 ಎಂಬ ಈ ಅಂಕೆಗೆ ಇನ್ನೊಂದು ಕಾರಣವೂ ಇದೆ. ಅದು ಚಿತ್ರ ಬರೆಯುವವರ ಮೇಜಿನಿಂದ ಬಂದದ್ದು. ಅನಿಮೇಶನ್ನಿನಲ್ಲಿ ಸೆಕೆಂಡಿಗೆ 24 ಫ್ರೇಮ್. 90ರ ವೇಗದಲ್ಲಿ ಒಂದು ಪೆಟ್ಟಿಗೆ ಸರಿಯಾಗಿ 16 ಫ್ರೇಮ್, ಒಂದು ಮಾತ್ರೆಗೆ 8, ಒಂದು ಸಾಲಿಗೆ 128 ಬರುತ್ತದೆ. ಯಾವುದಕ್ಕೂ ಚಿಲ್ಲರೆ ಉಳಿಯುವುದಿಲ್ಲ. ವೇಗವನ್ನು 100 ಎಂದು ಇಟ್ಟು ನೋಡಿ. ಪೆಟ್ಟಿಗೆ 14.4 ಫ್ರೇಮ್ ಆಗುತ್ತದೆ. ಫ್ರೇಮನ್ನು ತುಂಡು ಮಾಡಲು ಬರುವುದಿಲ್ಲ, ಹಾಗಾಗಿ ಚಿತ್ರಕಾರ 14 ಫ್ರೇಮಿನ ಒಂದು ಚಲನೆ ಬರೆದು ಅದನ್ನೇ ಮತ್ತೆ ಮತ್ತೆ ಅಂಟಿಸುತ್ತಾನೆ. ಒಂದು ಚರಣದಲ್ಲಿ 32 ಪೆಟ್ಟು. ಚರಣ ಮುಗಿಯುವಷ್ಟರಲ್ಲಿ ಅಜ್ಜಿಯ ಕೈ ತಾಳಕ್ಕಿಂತ ಸುಮಾರು 13 ಫ್ರೇಮ್, ಅಂದರೆ ಅರ್ಧ ಸೆಕೆಂಡಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ರೊಟ್ಟಿ ಬಡಿಯುವ ಕೈಗೂ ‘ತಪ’ಕ್ಕೂ ಸಂಬಂಧ ತಪ್ಪಿತು. ಮಗುವಿಗೆ ಕಾರಣ ಗೊತ್ತಾಗುವುದಿಲ್ಲ, ತನ್ನ ಕೈ ತಟ್ಟುವುದನ್ನು ಮಾತ್ರ ನಿಲ್ಲಿಸುತ್ತದೆ. 100ರ ವೇಗವೇ ಬೇಕು ಎನ್ನುವವರು ಸೆಕೆಂಡಿಗೆ 25 ಫ್ರೇಮ್ ಇಟ್ಟುಕೊಳ್ಳಲಿ, ಆಗ ಪೆಟ್ಟಿಗೆ ಸರಿಯಾಗಿ 15 ಬೀಳುತ್ತದೆ.

ಈ ಲೆಕ್ಕ ಉಳಿಯಬೇಕಾದರೆ ಹಾಡು ಮೊದಲು ಮುದ್ರಣವಾಗಬೇಕು, ಚಿತ್ರ ಆಮೇಲೆ. ಗಾಯಕಿಯ ಕಿವಿಯಲ್ಲಿ ತಾಳದ ಕ್ಲಿಕ್ ಇರಲೇಬೇಕು. ಸುಗಮ ಸಂಗೀತದಲ್ಲಿ ಪಳಗಿದವರು ಭಾವ ಬಂದ ಕಡೆ ಸ್ವಲ್ಪ ಎಳೆದು ಹಾಡುತ್ತಾರೆ. ಬೇರೆ ಕಡೆ ಅದು ಸೊಗಸು, ಇಲ್ಲಿ ಕೆಲಸ ಕೆಡಿಸುತ್ತದೆ. ಶ್ರುತಿಯ ವಿಷಯದಲ್ಲೂ ಒಂದು ಮಾತು. ಸಣ್ಣ ಮಕ್ಕಳ ದನಿ ಸುಲಭವಾಗಿ ಓಡಾಡುವುದು ಹಾರ್ಮೋನಿಯಂನ ನಡು ಸ್ಥಾಯಿಯ ಬಿಳಿ ಎರಡರಿಂದ ಬಿಳಿ ಆರರವರೆಗೆ. ಬಿಳಿ ಎರಡನ್ನೇ ಷಡ್ಜ ಮಾಡಿಕೊಂಡರೆ ಪಂಚಮದವರೆಗಿನ ಜಾಗ. ನಮ್ಮ ಹಾಡಿನ ಮಟ್ಟು ಈ ಐದು ಮನೆಯೊಳಗೇ ಇರಲಿ. ಗಂಡಸರು ಒಂದು ಸ್ಥಾಯಿ ಕೆಳಗೆ ಹಾಡಿದ ಶಿಶುಗೀತೆಗೆ ಮಗು ಹೆಚ್ಚಾಗಿ ಗುನುಗುವುದರಲ್ಲೇ ನಿಲ್ಲುತ್ತದೆ, ತನ್ನ ದನಿ ಎಲ್ಲಿ ಕೂಡಿಸಬೇಕೆಂದು ಅದಕ್ಕೆ ಹೊಳೆಯುವುದಿಲ್ಲ.

ಇನ್ನು ಚಿತ್ರ. ಪ್ರತಿ ಚರಣಕ್ಕೂ ನಾಲ್ಕು ಶಾಟ್, ಸಾಲಿಗೊಂದು, ಸಾಲಿನ ನಡುವೆ ಎಲ್ಲೂ ಕಟ್ ಇಲ್ಲ. ಮೊದಲನೆಯದರಲ್ಲಿ ಇಡೀ ಅಡುಗೆಮನೆ: ಎಡಗಡೆ ಒಲೆ, ನಡುವೆ ಅಜ್ಜಿ, ಬಲಗಡೆ ಗೂಡು. ಎರಡನೆಯದರಲ್ಲಿ ಕಿವಿಗೆ ಕೈ ಒಡ್ಡಿದ ಮೊಮ್ಮಗಳ ಮುಖ. ಮೂರನೆಯದರಲ್ಲಿ ಸದ್ದು ಮಾಡುವ ವಸ್ತು ಹತ್ತಿರದಿಂದ. ನಾಲ್ಕನೆಯದರಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೂ ನೇರ ನಮ್ಮತ್ತ ತಿರುಗಿ ಕಾಯುತ್ತಿದ್ದಾರೆ. ನಾಲ್ಕೂ ಚರಣದಲ್ಲಿ ಒಂದನೆಯ ಮತ್ತು ಎರಡನೆಯ ಶಾಟ್ ಗೆರೆ ಗೆರೆಯೂ ಅವೇ. ಮೂರನೆಯದು ಮಾತ್ರ ಪ್ರತಿ ಸಲ ಹೊಸದು. ನಾಲ್ಕನೆಯದರಲ್ಲಿ ಆಳುಗಳು ಅವರೇ, ಕೈಯಾಟ ಬೇರೆ. ಒಟ್ಟು ಹತ್ತು ಶಾಟ್ ಬರೆದರೆ ಸಾಕು.

ನಿರ್ಮಾಪಕರಿಗೆ ಖರ್ಚು ಉಳಿಯುತ್ತದೆ, ನಿಜ. ಆದರೆ ಪುನರಾವರ್ತನೆ ಇರುವುದು ಖರ್ಚು ಉಳಿಸಲು ಅಲ್ಲ. ಅದೇ ಅಡುಗೆಮನೆ ಮತ್ತೆ ಬಂದಾಗ ಮಗುವಿಗೆ ಮುಂದೆ ಬರುವುದು ಕಿವಿಗೊಟ್ಟ ಹುಡುಗಿ, ಆಮೇಲೆ ಒಂದು ವಸ್ತು, ಆಮೇಲೆ ತನ್ನ ಸರದಿ ಎಂಬುದು ಗೊತ್ತಿರುತ್ತದೆ. ಗೊತ್ತಿರುವುದನ್ನು ಹೊಸದಾಗಿ ನೋಡುವ ಕೆಲಸ ಇಲ್ಲದ್ದರಿಂದ ಗಮನ ಬಾಯಿಗೆ ಇಳಿಯುತ್ತದೆ. 1996ರಲ್ಲಿ ಬಂದ ‘ಬ್ಲೂಸ್ ಕ್ಲೂಸ್’ ಎಂಬ ಕಾರ್ಯಕ್ರಮದವರು ಇದನ್ನೇ ನೆಚ್ಚಿಕೊಂಡು ಒಂದೇ ಕಂತನ್ನು ವಾರದಲ್ಲಿ ಐದು ದಿನ ಪ್ರಸಾರ ಮಾಡಿದರು. 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೀಗೆ ಮರಳಿ ಮರಳಿ ನೋಡಿದ ಮಕ್ಕಳನ್ನು ಗಮನಿಸಿತ್ತು. ನೋಡಿದಷ್ಟೂ ಅವರು ಟೀವಿಯ ಪ್ರಶ್ನೆಗಳಿಗೆ ಕೂಗಿ ಉತ್ತರಿಸುವುದು ಹೆಚ್ಚಾಗಿತ್ತು. ಬಿಬಿಸಿಯ ‘ಟೆಲಿಟಬ್ಬೀಸ್’ 1997ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಪುಟ್ಟ ಚಿತ್ರವನ್ನು ತೋರಿಸಿ ಮುಗಿಸಿದ ಕೂಡಲೇ ಅದನ್ನೇ ಮತ್ತೆ ಪೂರ್ತಿ ತೋರಿಸುತ್ತಿತ್ತು. ದೊಡ್ಡವರು ನಕ್ಕರು. ಅದು ದೊಡ್ಡವರಿಗೆಂದು ಮಾಡಿದ್ದಾಗಿರಲಿಲ್ಲ.

ಹಾಗಾಗಿ ಮೂರನೆಯ ಚರಣಕ್ಕೆ ಬರುವಾಗ ನಿರ್ದೇಶಕನಿಗೆ ‘ಕೋನ ಬದಲಿಸೋಣ, ಕಿಟಕಿಯಲ್ಲಿ ಒಂದು ಗಿಳಿ ಕೂರಿಸೋಣ’ ಎಂಬ ಆಸೆ ಹುಟ್ಟಿದರೆ, ಬೇಸರ ಬಂದಿರುವುದು ಅವನಿಗೇ ಎಂದು ತಿಳಿಯಬೇಕು. ನನ್ನ ಅಭಿಪ್ರಾಯ ಕೇಳಿದರೆ ಒಂದೇ ಒಂದು ಬದಲಾವಣೆಗೆ ಒಪ್ಪುತ್ತೇನೆ: ಪ್ರತಿ ಚರಣ ಮುಗಿದ ಮೇಲೆ ಬಲಗಡೆಯ ಗೂಡಿನಲ್ಲಿ ಆ ಚರಣದ ವಸ್ತು ಬಂದು ಕೂರಲಿ. ಎರಡನೆಯ ಚರಣದಲ್ಲಿ ಒಡೆದ ಕಾಯಿ, ಮೂರನೆಯದರಲ್ಲಿ ಕಾಯಿಯ ಪಕ್ಕ ರೊಟ್ಟಿ. ಮಗು ಅದನ್ನು ಬೆರಳು ಮಾಡಿ ತೋರಿಸುತ್ತದೆ. ಬೇರೆಲ್ಲ ಹಾಗೇ ಇದ್ದರೆ ಮಾತ್ರ ಇದು ಅದರ ಕಣ್ಣಿಗೆ ಬೀಳುತ್ತದೆ.

ಮೂರು ಮತ್ತು ನಾಲ್ಕನೆಯ ಶಾಟ್‌ಗಳನ್ನು ಹತ್ತಿರದಿಂದ ನೋಡಬೇಕು. ‘ಸಾಸಿವೆ ಸಿಡಿದರೆ’ ಎಂಬಷ್ಟಕ್ಕೆ 64 ಫ್ರೇಮ್ ಇದೆ. ಅಷ್ಟರಲ್ಲಿ ಬಾಣಲೆಯ ಎಣ್ಣೆ ಮಿನುಗಿ, ಚಮಚ ಓರೆಯಾಗಿ, ಸಾಸಿವೆ ಜಾರಿ ಎಣ್ಣೆಗೆ ಬಿದ್ದಿರಬೇಕು. ಮೊದಲ ಕಾಳು ಸಿಡಿಯುವುದು 65ನೆಯ ಫ್ರೇಮಿನಲ್ಲಿ, ‘ಚ’ ಅಕ್ಷರದ ಜೊತೆ. ಅನುಭವಿ ಅನಿಮೇಟರುಗಳು ಇಂಥ ಪೆಟ್ಟನ್ನು ದನಿಗಿಂತ ಒಂದೆರಡು ಫ್ರೇಮ್ ಮುಂಚೆ ಇಡುತ್ತಾರೆ, ಕಣ್ಣಿಗೆ ಅದೇ ಸರಿಯಾಗಿ ಕೂಡಿದಂತೆ ಕಾಣುತ್ತದೆ. ತಡವಾದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಪ್ರತಿ ಅಕ್ಷರಕ್ಕೂ ಪರದೆ ಫಳಕ್ಕೆಂದು ಮಿಂಚಿಸುವ ಆಸೆ ಬರಬಹುದು. ಬೇಡ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಪರದೆ ಮಿಂಚಬಾರದು ಎಂಬುದು ಅಪಸ್ಮಾರದ ಅಪಾಯ ಇರುವವರಿಗಾಗಿ ಮಾಡಿದ ಮಿತಿ, ಮತ್ತು ನಮ್ಮ ಹಾಡಿನಲ್ಲಿ ಸೆಕೆಂಡಿಗೆ ಸರಿಯಾಗಿ ಮೂರು ಅಕ್ಷರ ಇವೆ. ಗಡಿಯ ಮೇಲೆ ನಿಲ್ಲುವುದಕ್ಕಿಂತ ಸಾಸಿವೆ ಕಾಳನ್ನೇ ಎಗರಿಸುವುದು ಲೇಸು.

ನಾಲ್ಕನೆಯ ಶಾಟ್‌ನ ಮೊದಲರ್ಧದಲ್ಲಿ ಅಜ್ಜಿ ಮತ್ತು ಮೊಮ್ಮಗಳು ಕೈ ಮೇಲೆತ್ತುತ್ತಾರೆ. ಅದೇ ಮಗುವಿಗೆ ‘ಈಗ ನಿನ್ನ ಸರದಿ’ ಎಂಬ ಸನ್ನೆ. ಉಳಿದ 64 ಫ್ರೇಮ್, ಅಂದರೆ ಎರಡೂಮುಕ್ಕಾಲು ಸೆಕೆಂಡಿನಷ್ಟು, ಖಾಲಿ. ಖಾಲಿ ಎಂದರೆ ಖಂಜಿರದ ಪೆಟ್ಟು ನಡೆಯುತ್ತಿರುತ್ತದೆ, ಕೈಗಳು ಆಡುತ್ತಿರುತ್ತವೆ, ದನಿ ಮಾತ್ರ ಇಲ್ಲ. ತಾಳವನ್ನೂ ನಿಲ್ಲಿಸಿದರೆ ಮಗು ಹಾಡು ಮುಗಿಯಿತೆಂದು ಅತ್ತಿತ್ತ ನೋಡುತ್ತದೆ. ಅಜ್ಜಿಯ ಬಾಯಿ ಮುಚ್ಚಿರಲಿ, ಹುಬ್ಬು ಮೇಲೇರಿರಲಿ. ಬಾಯಿ ಆಡುತ್ತಾ ದನಿ ಬಾರದಿದ್ದರೆ ಮನೆಯ ದೊಡ್ಡವರು ಸೌಂಡ್ ಹೋಯಿತೆಂದು ರಿಮೋಟ್ ಹುಡುಕುತ್ತಾರೆ. ಈ ಹೊತ್ತಿನಲ್ಲಿ ಹಿಂದುಗಡೆ ಒಂದು ಹುಳುವೂ ಅಲುಗಬಾರದು, ಅಲುಗಿದರೆ ಮಗುವಿನ ಕಣ್ಣು ಅಲ್ಲಿಗೇ.

ಮೊದಲ ಸಲ ಕೇಳುವ ಮಗುವಿಗೆ ಇದು ಕಷ್ಟವಲ್ಲವೇ? ಅದಕ್ಕೆ ಊರೆ ಬೇಕು. ಮೊದಲ ಎರಡು ಚರಣಗಳ ಬಿಡುವಿನಲ್ಲಿ ಒಂದಿಬ್ಬರು ಮಕ್ಕಳ ದನಿಯನ್ನು ಮೆಲ್ಲಗೆ ಸೇರಿಸಿ, ಮೂರನೆಯದರಿಂದ ತೆಗೆದುಬಿಡಿ. ಬಿಡುವು ಮುಗಿದ ಮೇಲೆ ಅಜ್ಜಿ ಒಮ್ಮೆ ತಲೆಯಾಡಿಸಿದರೆ ಸಾಕು. ‘ಶಾಭಾಷ್, ಎಷ್ಟು ಚೆನ್ನಾಗಿ ಹಾಡಿದೆ!’ ಎಂದು ಕೂಗಿಸಬೇಡಿ. ಬಾಯಿ ಬಿಡದ ಮಗುವಿಗೂ ಅದೇ ಹೊಗಳಿಕೆ ಸಿಕ್ಕಿದರೆ ಆ ಮಾತಿಗೆ ಬೆಲೆ ಉಳಿಯುವುದಿಲ್ಲ.

ಕೈಯಾಟಗಳು ಎರಡೂ ಕೈಯಿಂದ, ಇಡೀ ಅಂಗೈಯಿಂದ ಆಗುವಂಥವೇ ಇರಲಿ. ಕಾಯಿಗೆ ಮುಷ್ಟಿಯಿಂದ ಅಂಗೈಗೆ ಗುದ್ದು, ರೊಟ್ಟಿಗೆ ಚಪ್ಪಾಳೆ, ಸಾಸಿವೆಗೆ ಬೆರಳೆಲ್ಲ ಒಟ್ಟಿಗೆ ಅರಳಿಸಿ ಮುಚ್ಚುವುದು, ಮಜ್ಜಿಗೆಗೆ ಕಡೆಗೋಲಿನ ಹಗ್ಗದಂತೆ ಒಂದಾದ ಮೇಲೊಂದು ಕೈ ಎಳೆಯುವುದು. ಒಂಟಿ ಬೆರಳಿನ ಆಟ ಮೂರು ವರ್ಷದವರಿಗೆ ಕೂಡಿಬರುವುದಿಲ್ಲ. ಇನ್ನೊಂದು: ಎದುರಿಗಿರುವ ಅಜ್ಜಿ ಕನ್ನಡಿಯ ಹಾಗೆ ಆಡಬೇಕು. ಮಗುವಿನ ಬಲಗೈ ಏಳಬೇಕಾದಾಗ ಪರದೆಯ ಬಲಭಾಗದ ಕೈಯೇ ಏಳಲಿ. ಪರದೆಯ ತಳದಲ್ಲಿ ಹಾಡಿನ ಸಾಲು ಬರೆಯುವುದಾದರೆ ಮೊದಲೆರಡು ಸಾಲಿಗೆ ಬರೆಯಿರಿ. ಅದು ಜೊತೆಗೆ ಕುಳಿತ ಅಮ್ಮನಿಗೋ ತಾತನಿಗೋ. ಓದಲು ಬಾರದ ಮಗುವಿಗೆ ಬಣ್ಣ ಬದಲಿಸುತ್ತಾ ಕುಣಿಯುವ ಅಕ್ಷರ ಇನ್ನೊಂದು ಹುಳುವಷ್ಟೇ.

ನಾಲ್ಕು ಚರಣಗಳ ಮುಂಚೆ ಒಂದು ಸಾಲಿನಷ್ಟು ಬರಿಯ ತಾಳ, ಕೊನೆಯಲ್ಲಿ ನಾಲ್ಕೂ ವಸ್ತುಗಳ ಒಂದು ಸುತ್ತು. ಆ ಕೊನೆಯ ಸುತ್ತಿಗೆ ಹೊಸ ಚಿತ್ರ ಬೇಡ, ಮೂರನೆಯ ಶಾಟ್‌ಗಳನ್ನೇ ಸದ್ದಿನ ಜಾಗದಲ್ಲಿ ದನಿ ತೆಗೆದು ಸಾಲಾಗಿ ಜೋಡಿಸಬಹುದು. ಎಲ್ಲ ಕೂಡಿ 2,688 ಫ್ರೇಮ್, ಒಂದು ನಿಮಿಷ 52 ಸೆಕೆಂಡ್. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಬ್ಲೆಂಡರ್, ಓಪನ್‌ಟೂನ್ಜ್, ಕ್ರಿಟಾ ಮೂರೂ ಪುಕ್ಕಟೆ ಸಿಗುತ್ತವೆ.

ಮಾಡಿದ್ದು ಕೆಲಸ ಮಾಡುತ್ತದೆಯೇ ಎಂದು ತಿಳಿಯುವುದು ಹೇಗೆ? ‘ಸೆಸಮಿ ಸ್ಟ್ರೀಟ್’ನ ಸಂಶೋಧಕ ಎಡ್ವರ್ಡ್ ಪಾಮರ್ ಟೀವಿಯ ಪಕ್ಕದಲ್ಲೇ ಇನ್ನೊಂದು ಪರದೆ ಇಟ್ಟು, ಅದರ ಮೇಲೆ ಏಳೆಂಟು ಸೆಕೆಂಡಿಗೊಂದು ಬಣ್ಣದ ಸ್ಲೈಡ್ ಬದಲಿಸುತ್ತಾ, ಮಗುವಿನ ಕಣ್ಣು ಯಾವಾಗ ಟೀವಿ ಬಿಟ್ಟು ಅತ್ತ ಹೋಗುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಿದ್ದರು. ನಮಗೆ ಬೇಕಾದ್ದು ಕಣ್ಣಿಗಿಂತ ಬಾಯಿಯ ಲೆಕ್ಕ. ಐದಾರು ಮಕ್ಕಳಿಗೆ ವಿಡಿಯೊ ತೋರಿಸಿ. ಪರದೆಯನ್ನು ನೋಡಬೇಡಿ, ಮಕ್ಕಳನ್ನು ನೋಡಿ. ಪ್ರತಿ ಬಿಡುವಿನಲ್ಲಿ ಯಾರ ಬಾಯಿ ತೆರೆಯಿತು, ಯಾರ ಕೈ ಮಾತ್ರ ಆಡಿತು ಎಂದು ಒಂದು ಹಾಳೆಯಲ್ಲಿ ಗೆರೆ ಹಾಕಿ. ಮೊದಲ ದಿನ ಕೈ ಮಾತ್ರ ಆಡಿದರೆ ನಿರಾಶರಾಗಬೇಕಿಲ್ಲ, ಮಕ್ಕಳಲ್ಲಿ ಕೈ ಬಾಯಿಗಿಂತ ಮುಂಚೆ ಕಲಿಯುವುದುಂಟು. ಕೆಲವು ದಿನ ಬಿಟ್ಟು ತೋರಿಸಿದಾಗಲೂ ಬಿಡುವಿನಲ್ಲಿ ಮೌನವಿದ್ದರೆ ಬಿಡುವು ಚಿಕ್ಕದಾಗಿದೆ, ಇಲ್ಲವೇ ಸನ್ನೆ ತಡವಾಗಿದೆ.

ಒಂದು ಮಿತಿಯನ್ನೂ ಹೇಳಬೇಕು. ಎರಡು ವರ್ಷದೊಳಗಿನ ಮಕ್ಕಳು ಪರದೆಯಿಂದ ಕಲಿಯುವುದು ಎದುರಿಗಿರುವ ಮನುಷ್ಯರಿಂದ ಕಲಿಯುವುದಕ್ಕಿಂತ ತೀರ ಕಡಿಮೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ. ವರ್ಷ ತುಂಬದವರಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ಕೈಗೂಸಿಗೆ ಈ ಹಾಡು ಬೇಕೆನಿಸಿದರೆ ಅಜ್ಜಿಯೇ ಹಾಡಲಿ.

ಕೊನೆಯದಾಗಿ, ಇಂಥ ವಿಡಿಯೊ ಮಾಡುವ ಕನ್ನಡದ ಗೆಳೆಯರಲ್ಲಿ ಒಂದು ಕೋರಿಕೆ. ಯೂಟ್ಯೂಬಿಗೆ ಏರಿಸುವ ಮುಂಚೆ, ಹಾಡನ್ನು ಆಗಲೇ ಕೆಲವು ಸಲ ನೋಡಿರುವ ಮಕ್ಕಳಿಗೆ, ಅವರ ಮನೆಯವರ ಒಪ್ಪಿಗೆ ಪಡೆದು, ವಿಡಿಯೊವನ್ನು ಪೂರ್ತಿ ಮ್ಯೂಟ್ ಮಾಡಿ ತೋರಿಸಿ. ಸದ್ದಿಲ್ಲದ ಪರದೆಯ ಮುಂದೆ ಅವರು ತಾವಾಗಿ ‘ತಪತಪ’ ಎಂದರೆ ಏರಿಸಿ. ಅನ್ನದಿದ್ದರೆ ನಾಲ್ಕನೆಯ ಶಾಟನ್ನು ಮತ್ತೆ ಬರೆಯಿರಿ.